ಬ್ರೋಷರ್‌ನಲ್ಲಿ ಇಲ್ಲದ ಸಾಲುಗಳು

ಹೆಂಚು ಮತ್ತು ಇಟ್ಟಿಗೆಗೆ ಹೆಸರಾದ ಮಾಲೂರಿನಲ್ಲಿ ಈಗ ದುಡ್ಡು ಬರುವ ದಾರಿಗಳು ಬದಲಾಗಿವೆ. ಕೈಗಾರಿಕಾ ಪ್ರದೇಶಕ್ಕೆ, ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಜಮೀನು ಕೊಟ್ಟವರ ಕೈಗೆ ಪರಿಹಾರದ ಹಣ ಬಂದಿದೆ. ರೈಲಿನಲ್ಲಿ ದಿನಾ ಬೆಂಗಳೂರಿಗೆ ಹೋಗಿಬಂದು ಸಾಕಾದ ಮಕ್ಕಳು ಊರಿನಲ್ಲೇ ಏನಾದರೂ ಮಾಡಬೇಕು ಎನ್ನುತ್ತಿದ್ದಾರೆ. ಇಂಥ ಮನೆಗಳಿಗೆ ಫ್ರಾಂಚೈಸಿ ಕಂಪನಿಗಳ ಫೋನು ಸರಿಯಾದ ಹೊತ್ತಿಗೆ ಬರುತ್ತದೆ. ಟೀ ಅಂಗಡಿ, ಔಷಧಿ ಅಂಗಡಿ, ಐಸ್‌ಕ್ರೀಮ್, ಮಕ್ಕಳ ಶಾಲೆ, ಯಾವುದು ಬೇಕಾದರೂ ಸಿಗುತ್ತದೆ. ಹೆಸರು ಅವರದು, ಮಾಲು ಅವರದು, ತರಬೇತಿ ಅವರದು; ನೀವು ಜಾಗ ಮತ್ತು ಬಂಡವಾಳ ಹಾಕಿದರೆ ಸಾಕು ಎನ್ನುತ್ತಾರೆ. ಒಳ್ಳೆಯ ಬ್ರ್ಯಾಂಡ್ ಸಿಕ್ಕಿ ಚೆನ್ನಾಗಿ ನಡೆಸಿದವರೂ ಇದ್ದಾರೆ. ಎರಡು ವರ್ಷದಲ್ಲಿ ಬಾಗಿಲು ಹಾಕಿ, ಜಮೀನಿನ ಹಣವನ್ನು ಗೋಡೆಯ ಅಲಂಕಾರಕ್ಕೆ ಸುರಿದವರೂ ಇದ್ದಾರೆ. ಇವರಿಬ್ಬರ ನಡುವಿನ ವ್ಯತ್ಯಾಸ ಹೆಚ್ಚಾಗಿ ಸಹಿ ಹಾಕುವ ಮುಂಚಿನ ಕೆಲವು ವಾರಗಳಲ್ಲಿ ತೀರ್ಮಾನವಾಗಿಬಿಟ್ಟಿರುತ್ತದೆ.

ಒಂದು ಟೀ ಅಂಗಡಿಯ ಪ್ರಸ್ತಾಪವನ್ನು ಇಟ್ಟುಕೊಂಡು ಲೆಕ್ಕ ಮಾಡಿ ನೋಡೋಣ. ಅಂಕಿಗಳನ್ನು ಉದಾಹರಣೆಗೆಂದು ನಾನೇ ಹಾಕಿದ್ದೇನೆ, ಯಾವ ಕಂಪನಿಯದೂ ಅಲ್ಲ. ಆದರೆ ಬ್ರೋಷರ್‌ಗಳ ರೂಪ ಸಾಮಾನ್ಯವಾಗಿ ಹೀಗೇ ಇರುತ್ತದೆ. ಫ್ರಾಂಚೈಸಿ ಶುಲ್ಕ 3 ಲಕ್ಷ, ಒಳಾಂಗಣ ಮತ್ತು ಯಂತ್ರಕ್ಕೆ 6 ಲಕ್ಷ, ಕಂಪನಿಗೆ ಠೇವಣಿ 1 ಲಕ್ಷ, ಮೊದಲ ಮಾಲಿಗೆ 1 ಲಕ್ಷ, ಒಟ್ಟು 11 ಲಕ್ಷ. ದಿನದ ವ್ಯಾಪಾರ 10,000, ತಿಂಗಳಿಗೆ 3 ಲಕ್ಷ. ಮಾಲಿನ ಖರ್ಚು ನೂರಕ್ಕೆ 40, ಉಳಿಯುವುದು 1,80,000. ಅದರಲ್ಲಿ ಬಾಡಿಗೆ 20,000, ಸಂಬಳ 45,000, ಕರೆಂಟು 10,000, ನೂರಕ್ಕೆ 5ರಂತೆ ರಾಯಲ್ಟಿ 15,000. ಕೊನೆಗೆ ಕೈಯಲ್ಲಿ 90,000. ಹಾಕಿದ ಹಣ ಒಂದು ವರ್ಷದಲ್ಲಿ ವಾಪಸ್.

ಕೂಡಿಸುವುದರಲ್ಲಿ ಕಳೆಯುವುದರಲ್ಲಿ ಇಲ್ಲಿ ಒಂದು ತಪ್ಪೂ ಇಲ್ಲ. ಅಪಾಯವಿರುವುದು ಬರೆಯದೆ ಬಿಟ್ಟ ಸಾಲುಗಳಲ್ಲಿ.

ಮೊದಲು ಬಂಡವಾಳ. ಶುಲ್ಕದ ಮೇಲೆ, ಒಳಾಂಗಣ ಮತ್ತು ಯಂತ್ರದ ಮೇಲೆ ನೂರಕ್ಕೆ 18 ಜಿಎಸ್‌ಟಿ ಇದೆ. 9 ಲಕ್ಷಕ್ಕೆ ಅದು 1,62,000 ಆಗುತ್ತದೆ. ‘ಅದು ಕ್ರೆಡಿಟ್ ಸಿಗುತ್ತೆ ಸಾರ್’ ಎಂದು ಮಾರುವವರು ಹೇಳಬಹುದು. ಬಟ್ಟೆ ಅಂಗಡಿಯಾದರೆ ಆ ಮಾತು ನಿಜ. ಆದರೆ ಟೀ ಅಂಗಡಿ, ತಿಂಡಿ ಅಂಗಡಿ ರೆಸ್ಟೋರೆಂಟ್ ಲೆಕ್ಕಕ್ಕೆ ಬರುತ್ತವೆ. ಗಿರಾಕಿಯಿಂದ ನೂರಕ್ಕೆ 5 ತೆರಿಗೆ ತೆಗೆದುಕೊಳ್ಳುವ ಸಾಮಾನ್ಯ ರೆಸ್ಟೋರೆಂಟಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಕೊಟ್ಟ 18 ಹೋದದ್ದೇ. ಶುಲ್ಕಕ್ಕೆ ಮಾತ್ರವಲ್ಲ, ಪ್ರತಿ ತಿಂಗಳ ರಾಯಲ್ಟಿಗೂ ಇದು ಅಂಟಿಕೊಳ್ಳುತ್ತದೆ. ನೂರಕ್ಕೆ 5 ಎಂದ ರಾಯಲ್ಟಿ ನಿಜವಾಗಿ 5 ರೂಪಾಯಿ 90 ಪೈಸೆ. ಆಮೇಲೆ ಅಂಗಡಿಯ ಅಡ್ವಾನ್ಸ್. ಮುಖ್ಯರಸ್ತೆಯಲ್ಲಿ 25,000 ಬಾಡಿಗೆ ಎಂದಿಟ್ಟುಕೊಂಡರೆ, ನಮ್ಮ ಕಡೆ ರೂಢಿಯಲ್ಲಿರುವ ಹತ್ತು ತಿಂಗಳ ಅಡ್ವಾನ್ಸ್ 2,50,000. ವ್ಯಾಪಾರ ಕುದುರುವವರೆಗೆ ಸಂಬಳ, ಬಾಡಿಗೆ ಕಟ್ಟಲು ಕೈಯಲ್ಲಿ 3 ಲಕ್ಷವಾದರೂ ಬೇಕು. 11 ಲಕ್ಷ ಎಂದದ್ದು ಹೀಗೆ 18 ಲಕ್ಷ ದಾಟಿತು.

ಈಗ ತಿಂಗಳ ಖರ್ಚು. ಬೆಳಗ್ಗೆಯಿಂದ ರಾತ್ರಿಯವರೆಗೆ ಹದಿನಾಲ್ಕು ಗಂಟೆ ತೆರೆದಿರುವ ಅಂಗಡಿಯನ್ನು ಮೂವರು ನಡೆಸಲಾರರು. ನಾಲ್ವರಿಗೆ 15,000ದಂತೆ 60,000. ಬಾಡಿಗೆ 25,000, ಕರೆಂಟು 12,000, ಗ್ಯಾಸ್ 8,000, ಬಿಲ್ಲಿಂಗ್ ಸಾಫ್ಟ್‌ವೇರ್, ರಿಪೇರಿ, ಸ್ವಚ್ಛತೆ ಎಲ್ಲ ಸೇರಿ 7,000. ವ್ಯಾಪಾರ ಆಗಲಿ ಬಿಡಲಿ ಕೊಡಲೇಬೇಕಾದದ್ದು 1,12,000. ಅಂಗಡಿಯಲ್ಲಿ ಇಡೀ ದಿನ ನಿಲ್ಲುವ ಮಗನ ಸಂಬಳ ಇದರಲ್ಲಿ ಇಲ್ಲ, ಬ್ಯಾಂಕಿನ ಬಡ್ಡಿಯೂ ಇಲ್ಲ.

ಇನ್ನು ಪ್ರತಿ ನೂರು ರೂಪಾಯಿ ವ್ಯಾಪಾರದಲ್ಲಿ ಏನು ಉಳಿಯುತ್ತದೆ? ಒಡೆದ ಹಾಲು, ಮಿಕ್ಕ ಬನ್ನು, ಕಪ್ಪು, ಕವರು ಸೇರಿಸಿದರೆ ಮಾಲಿನ ಖರ್ಚು 40 ಅಲ್ಲ, 45. ರಾಯಲ್ಟಿ 5.90. ಬ್ರೋಷರ್‌ನಲ್ಲಿ ಇಲ್ಲದೆ ಒಪ್ಪಂದದ ಒಳಪುಟದಲ್ಲಿ ಮಾತ್ರ ಕಾಣುವ ಜಾಹೀರಾತು ನಿಧಿ ನೂರಕ್ಕೆ 2 ಎಂದರೆ ತೆರಿಗೆ ಸೇರಿ 2.36. ಉಳಿಯುವುದು 46 ರೂಪಾಯಿ 74 ಪೈಸೆ. ನಿಗದಿತ ಖರ್ಚು 1,12,000 ಹುಟ್ಟಬೇಕಾದರೆ ತಿಂಗಳಿಗೆ ಸುಮಾರು 2,40,000 ವ್ಯಾಪಾರ ಬೇಕು. ಗಿರಾಕಿ ಕೊಡುವ ತೆರಿಗೆಯನ್ನೂ ಸೇರಿಸಿ ಹೇಳುವುದಾದರೆ ಗಲ್ಲಾಪೆಟ್ಟಿಗೆಗೆ ದಿನಕ್ಕೆ 8,400 ರೂಪಾಯಿ ಬೀಳಬೇಕು. ಇದು ಲಾಭವೂ ಇಲ್ಲದ ನಷ್ಟವೂ ಇಲ್ಲದ ಗೆರೆ. ಎಷ್ಟು ಲಾಭ ಬರುತ್ತದೆ ಎಂದು ಕೇಳುವ ಮುಂಚೆ ಈ ಗೆರೆ ಎಲ್ಲಿದೆ ಎಂದು ಕೇಳಬೇಕು.

ಬ್ರೋಷರ್ ಹೇಳಿದ 10,000 ಬಂದೇಬಂತು ಎನ್ನಿ. ಅದರಲ್ಲಿ ತೆರಿಗೆ ತೆಗೆದರೆ ತಿಂಗಳ ವ್ಯಾಪಾರ 2,85,700. ಎಲ್ಲ ಕಳೆದು ಉಳಿಯುವುದು 90,000 ಅಲ್ಲ, 21,500. ಐದು ವರ್ಷದ ಒಪ್ಪಂದ ಮುಗಿದಾಗ ಶುಲ್ಕವೂ ಒಳಾಂಗಣವೂ ಸೊನ್ನೆಯಾಗುತ್ತವೆ. ತೆರಿಗೆ ಸೇರಿ 10,62,000 ಆದ ಆ ಹಣವನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 17,700. ಅದನ್ನೂ ಕಳೆದರೆ ಉಳಿಕೆ 3,800 ರೂಪಾಯಿ. ವ್ಯಾಪಾರ 10,000 ಬದಲು 7,000 ಆದರಂತೂ ತಿಂಗಳಿಗೆ 18,500 ಕೈಯಿಂದ ಹಾಕಬೇಕು.

ಹಾಗಾದರೆ ಆ 10,000 ನಿಜವೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಒಬ್ಬ ಗಿರಾಕಿಯ ಸರಾಸರಿ ಬಿಲ್ 60 ರೂಪಾಯಿ ಎಂದಿಟ್ಟರೆ 10,000ಕ್ಕೆ 167 ಬಿಲ್ ಬೇಕು. ಹದಿನಾಲ್ಕು ಗಂಟೆಯೂ, ಮಧ್ಯಾಹ್ನದ ಬಿಸಿಲಿನಲ್ಲೂ, ಐದು ನಿಮಿಷಕ್ಕೊಂದರಂತೆ. ಇದನ್ನು ಪರೀಕ್ಷಿಸಲು ಯಾರ ಅನುಮತಿಯೂ ಬೇಕಿಲ್ಲ. ಅದೇ ಬ್ರ್ಯಾಂಡಿನ ಅಂಗಡಿ ಕೋಲಾರದಲ್ಲೋ ಹೊಸಕೋಟೆಯಲ್ಲೋ ಬಂಗಾರಪೇಟೆಯಲ್ಲೋ ಇದ್ದರೆ, ಬೆಳಗ್ಗೆ ಬಾಗಿಲು ತೆಗೆದ ಹೊತ್ತಿಗೆ ಒಂದು ಟೀ ಕುಡಿದು ಬಿಲ್ ಇಟ್ಟುಕೊಳ್ಳಿ. ರಾತ್ರಿ ಮುಚ್ಚುವ ಹೊತ್ತಿಗೆ ಇನ್ನೊಂದು. ಜಿಎಸ್‌ಟಿ ಬಿಲ್ಲಿನ ಸಂಖ್ಯೆ ಸಾಲಾಗಿ ನಡೆಯಬೇಕು ಎಂಬುದು ನಿಯಮ. ಎರಡು ಸಂಖ್ಯೆಗಳ ವ್ಯತ್ಯಾಸವೇ ಆ ದಿನದ ಗಿರಾಕಿಗಳ ಲೆಕ್ಕ. ಕೆಲವು ಯಂತ್ರಗಳು ದಿನಾ ಒಂದರಿಂದ ಶುರುವಾಗುತ್ತವೆ, ಆಗ ರಾತ್ರಿಯ ಸಂಖ್ಯೆಯೊಂದೇ ಸಾಕು. ಎರಡು ಕೌಂಟರ್ ಇದ್ದರೆ, ಆನ್‌ಲೈನ್ ಆರ್ಡರಿಗೆ ಬೇರೆ ಸಾಲು ಇದ್ದರೆ ಅಂದಾಜು ತಪ್ಪಬಹುದು. ಆದ್ದರಿಂದ ಒಂದು ಭಾನುವಾರ, ಒಂದು ವಾರದ ದಿನ, ಕನಿಷ್ಠ ಎರಡು ಅಂಗಡಿಗಳಲ್ಲಿ ನೋಡಬೇಕು. ತೆರೆದು ಒಂದು ವರ್ಷ ದಾಟಿದ ಅಂಗಡಿಯನ್ನೇ ಆರಿಸಿಕೊಳ್ಳಿ. ಹೊಸ ಅಂಗಡಿಯ ಮೊದಲ ತಿಂಗಳುಗಳ ಗದ್ದಲ ಉಳಿಯುವುದಿಲ್ಲ. ಇಂದಿರಾನಗರದ ಅಂಗಡಿಯ ವ್ಯಾಪಾರ ಮಾಲೂರಿಗೆ ಸಾಕ್ಷಿಯೂ ಅಲ್ಲ.

ಇಷ್ಟನ್ನು ನಾವೇ ಓಡಾಡಿ ಕಂಡುಹಿಡಿಯಬೇಕಾಗಿರುವುದಕ್ಕೆ ಒಂದು ಕಾರಣವಿದೆ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಅಮೆರಿಕದಲ್ಲಿ 1979ರಿಂದ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ ಜಾರಿಯಲ್ಲಿದೆ. ಈಗಿನ ರೂಪದಲ್ಲಿ ಅದರ ಪ್ರಕಾರ, ಸಹಿಗೆ ಅಥವಾ ಹಣ ಪಡೆಯುವುದಕ್ಕೆ ಕನಿಷ್ಠ 14 ದಿನ ಮುಂಚೆ ಕಂಪನಿ 23 ವಿಷಯಗಳ ವಿವರಪತ್ರ ಕೊಡಲೇಬೇಕು. ಹಿಂದಿನ ಮೂರು ವರ್ಷದಲ್ಲಿ ಎಷ್ಟು ಅಂಗಡಿ ತೆರೆದವು, ಎಷ್ಟು ಮುಚ್ಚಿದವು, ಇತ್ತೀಚೆಗೆ ಬಿಟ್ಟುಹೋದವರನ್ನು ಸಂಪರ್ಕಿಸುವುದು ಹೇಗೆ ಎಂಬುದೂ ಅದರಲ್ಲಿರುತ್ತದೆ. ಇಲ್ಲಿ ನಮಗಿರುವುದು 1872ರ ಕರಾರು ಕಾಯ್ದೆ. ಅದರ 17ನೇ ಕಲಮಿನ ವಿವರಣೆಯ ಪ್ರಕಾರ, ಮಾತನಾಡಲೇಬೇಕಾದ ಕರ್ತವ್ಯ ಇಲ್ಲದ ಕಡೆ ಬರೀ ಸುಮ್ಮನಿರುವುದು ವಂಚನೆಯಲ್ಲ. ಮುಚ್ಚಿದ ಅಂಗಡಿಗಳ ವಿಷಯವನ್ನು ಕಂಪನಿ ಎತ್ತದಿದ್ದರೆ ಅದಷ್ಟನ್ನೇ ಹಿಡಿದು ಕೋರ್ಟಿನಲ್ಲಿ ಗೆಲ್ಲುವುದು ಕಷ್ಟ. 19ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ತಪ್ಪು ಮಾಹಿತಿಯಿಂದಾಗಲಿ ಮೌನದಿಂದಾಗಲಿ ನಿಮ್ಮ ಒಪ್ಪಿಗೆ ಪಡೆದಿದ್ದರೂ, ಸಾಮಾನ್ಯ ಎಚ್ಚರದಿಂದ ನಿಜ ತಿಳಿಯುವ ಅವಕಾಶ ನಿಮಗಿದ್ದರೆ ಕರಾರನ್ನು ರದ್ದು ಮಾಡಿಸಲು ಆಗುವುದಿಲ್ಲ.

ಈ ಎರಡು ಕಲಮುಗಳನ್ನು ಒಟ್ಟಿಗೆ ಓದಿದರೆ ಮಾಡಬೇಕಾದ ಕೆಲಸ ಸ್ಪಷ್ಟವಾಗುತ್ತದೆ: ಪ್ರಶ್ನೆಯನ್ನು ಇಮೇಲ್‌ನಲ್ಲಿ ಬರೆದು ಕೇಳುವುದು. ಫೋನಿನಲ್ಲಿ ಸುಮ್ಮನಿದ್ದರೆ ಅದು ಮೌನ. ಬರಹದಲ್ಲಿ ಕೇಳಿದ ನೇರ ಪ್ರಶ್ನೆಗೆ ಬರಹದಲ್ಲೇ ಸುಳ್ಳು ಹೇಳಿದರೆ ಅದು ಮೌನವಾಗಿ ಉಳಿಯುವುದಿಲ್ಲ, ಕೈಯಲ್ಲಿ ಹಿಡಿದು ತೋರಿಸಬಹುದಾದ ಸಾಕ್ಷಿಯಾಗುತ್ತದೆ. ಮೂರು ವರ್ಷದಲ್ಲಿ ಎಷ್ಟು ತೆರೆದಿರಿ, ಎಷ್ಟು ಮುಚ್ಚಿದವು, ಎಷ್ಟು ಕೈ ಬದಲಾದವು? ಮುಚ್ಚಿದವರ ಫೋನ್ ನಂಬರ್ ಕೊಡುತ್ತೀರಾ? ಮಾಲೂರಿನಷ್ಟೇ ದೊಡ್ಡ ಊರುಗಳಲ್ಲಿ ವರ್ಷ ದಾಟಿದ ಅಂಗಡಿಗಳ ತಿಂಗಳ ವ್ಯಾಪಾರ ಎಷ್ಟು? ಇಷ್ಟಕ್ಕೆ ಉತ್ತರ ಕೊಡುವ ಕಂಪನಿಗಳು ಇವೆ. ಕೊಡದವರು ‘ಈ ವಾರ ಬುಕ್ ಮಾಡದಿದ್ದರೆ ಮಾಲೂರು ಬೇರೆಯವರಿಗೆ ಹೋಗುತ್ತೆ’ ಎಂದು ಅವಸರ ಮಾಡುತ್ತಾರೆ. ಆ ಅವಸರವನ್ನೇ ಉತ್ತರವೆಂದು ತಿಳಿಯಬಹುದು.

ಕಂಪನಿಯನ್ನು ಕೇಳದೆಯೂ ನೋಡಬಹುದಾದ ಒಂದು ದಾಖಲೆ ಇದೆ. ಅದು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ ಅದರ ಲೆಕ್ಕಪತ್ರ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿರುತ್ತದೆ. 100 ರೂಪಾಯಿ ಕಟ್ಟಿ ಯಾರು ಬೇಕಾದರೂ ನೋಡಬಹುದು. ಊರಿನ ಚಾರ್ಟರ್ಡ್ ಅಕೌಂಟೆಂಟರ ಹತ್ತಿರ ಕೂತು ಆದಾಯದ ವಿವರಗಳನ್ನು ಓದಿಸಿ. ಬಿಡಿಬಿಡಿಯಾಗಿ ತೋರಿಸಿದ್ದರೆ ರಾಯಲ್ಟಿಯಿಂದ ಎಷ್ಟು, ಮಾಲು ಮಾರಾಟದಿಂದ ಎಷ್ಟು, ಹೊಸ ಫ್ರಾಂಚೈಸಿ ಶುಲ್ಕದಿಂದ ಎಷ್ಟು ಎಂಬುದು ತಿಳಿಯುತ್ತದೆ. ರಾಯಲ್ಟಿ ದೊಡ್ಡದಾಗಿದ್ದರೆ ಅಂಗಡಿಗಳು ನಡೆಯುತ್ತಿವೆ, ಅವು ನಡೆಯುವುದರಲ್ಲಿ ಕಂಪನಿಗೂ ಲಾಭವಿದೆ. ಶುಲ್ಕದ ಪಾಲೇ ದೊಡ್ಡದಾಗಿದ್ದರೆ ಆ ಕಂಪನಿ ಮಾರುತ್ತಿರುವುದು ಟೀಯನ್ನಲ್ಲ, ಅಂಗಡಿಗಳನ್ನು. ನಿಮ್ಮ ಅಂಗಡಿ ಮುಚ್ಚಿದರೆ ಅದಕ್ಕೆ ದೊಡ್ಡ ನಷ್ಟವಿಲ್ಲ. ಅದೇ ಊರನ್ನು ಇನ್ನೊಬ್ಬರಿಗೆ ಮಾರಬಹುದು. ಅಸಲಿ ಬ್ರ್ಯಾಂಡಿನ ಹೆಸರಿನಲ್ಲಿ ನಕಲಿಗಳೇ ಫ್ರಾಂಚೈಸಿ ಮಾರುವುದೂ ಉಂಟು. ಅಮುಲ್ ಹೆಸರಿನ ನಕಲಿ ಫ್ರಾಂಚೈಸಿ ತಾಣಗಳ ವಿರುದ್ಧ 2020ರಲ್ಲಿ ದೆಹಲಿ ಹೈಕೋರ್ಟ್ ಆದೇಶ ಕೊಡಬೇಕಾಯಿತು. ಆದ್ದರಿಂದ ಟ್ರೇಡ್‌ಮಾರ್ಕ್ ಯಾರ ಹೆಸರಿನಲ್ಲಿದೆ, ಒಪ್ಪಂದಕ್ಕೆ ಸಹಿ ಹಾಕುವವರು ಅವರೇನಾ ಎಂದು ಟ್ರೇಡ್‌ಮಾರ್ಕ್ ನೋಂದಣಿಯ ಸಾರ್ವಜನಿಕ ಹುಡುಕಾಟದಲ್ಲಿ ನೋಡಿಯೇ ಹಣ ಕಳಿಸಬೇಕು.

ಇನ್ನು ಒಪ್ಪಂದ. ಮೂವತ್ತು ನಲವತ್ತು ಪುಟದ ಇಂಗ್ಲಿಷ್ ಕಾಗದವನ್ನು ಕಾನೂನಿನ ಭಾಷೆಯೆಂದು ಹೆದರಿ ವಕೀಲರ ಕೈಗೆ ಕೊಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ. ಪ್ರತಿ ಕಲಮೂ ಮೇಲಿನ ಲೆಕ್ಕದ ಒಂದು ಸಾಲನ್ನು ಬದಲಿಸುತ್ತದೆ. ವಕೀಲರು ಕಲಮಿನ ಅರ್ಥ ಹೇಳುತ್ತಾರೆ, ಅದನ್ನು ರೂಪಾಯಿಗೆ ಇಳಿಸುವ ಕೆಲಸ ನಮ್ಮದು.

‘ವ್ಯಾಪಾರದ ನೂರಕ್ಕೆ 5 ಅಥವಾ 20,000 ರೂಪಾಯಿ, ಇವುಗಳಲ್ಲಿ ಯಾವುದು ಹೆಚ್ಚೋ ಅದು’ ಎಂಬ ರಾಯಲ್ಟಿಯ ಸಾಲನ್ನು ನೋಡಿ. ವ್ಯಾಪಾರ ಚೆನ್ನಾಗಿದ್ದರೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ವ್ಯಾಪಾರ 2 ಲಕ್ಷಕ್ಕೆ ಇಳಿದ ತಿಂಗಳು ಕಟ್ಟಬೇಕಾದ ರಾಯಲ್ಟಿ ತೆರಿಗೆ ಸೇರಿ 11,800ರ ಬದಲು 23,600 ಆಗುತ್ತದೆ. ಆಗಲೇ ಇದ್ದ 18,500 ನಷ್ಟ 30,000 ದಾಟುತ್ತದೆ. ಅತಿ ಕಷ್ಟದ ತಿಂಗಳಲ್ಲೇ ಭಾರ ಹೆಚ್ಚಿಸುವ ಸಾಲು ಇದು. ಇದನ್ನು ತೆಗೆಸಲು ಆಗದಿದ್ದರೆ ಮೊದಲ ವರ್ಷಕ್ಕಾದರೂ ಬಿಡಿಸಿಕೊಳ್ಳಬೇಕು. ಮಾಲನ್ನು ಕಂಪನಿಯಿಂದಲೇ, ಕಂಪನಿ ಕಾಲಕಾಲಕ್ಕೆ ನಿಗದಿ ಮಾಡುವ ದರದಲ್ಲೇ ಕೊಳ್ಳಬೇಕು ಎಂಬ ಸಾಲೂ ಹಾಗೆಯೇ. ದರ ಏರಿಕೆಗೆ ಮಿತಿ ಬರೆದಿಲ್ಲದಿದ್ದರೆ ಮಾಲಿನ ಖರ್ಚು 45ರಿಂದ 50ಕ್ಕೆ ಹೋಗುವುದನ್ನು ತಡೆಯಲು ನಿಮ್ಮ ಬಳಿ ಏನೂ ಇರುವುದಿಲ್ಲ. ಹಾಗಾದರೆ ದಿನಕ್ಕೆ 8,400 ಇದ್ದ ಗೆರೆ 9,400ರ ಹತ್ತಿರಕ್ಕೆ ಬರುತ್ತದೆ.

ವ್ಯಾಪ್ತಿಯ ಕಲಮಿನಲ್ಲಿ ‘500 ಮೀಟರ್ ಸುತ್ತ’ ಎಂದಿದ್ದರೆ ಬೆಂಗಳೂರಿನಲ್ಲಿ ಅದಕ್ಕೆ ಬೆಲೆ ಇರಬಹುದು. ಮಾಲೂರಿನಂಥ ಊರಿಗೆ ಇಡೀ ಪುರಸಭೆ ವ್ಯಾಪ್ತಿಯನ್ನೇ ಕೇಳಬೇಕು. ಕೈಗಾರಿಕಾ ಪ್ರದೇಶ, ಕಾರ್ಖಾನೆಗಳ ಕ್ಯಾಂಟೀನು, ಆನ್‌ಲೈನ್ ಡೆಲಿವರಿಯನ್ನು ಹೆಸರಿಸಿ ಸೇರಿಸಬೇಕು. ಬಸ್ ನಿಲ್ದಾಣದ ಹತ್ತಿರ ನೀವು, ಸ್ವಲ್ಪ ದೂರದಲ್ಲಿ ಅದೇ ಹೆಸರಿನ ಇನ್ನೊಂದು ಅಂಗಡಿ ಎಂದಾದರೆ ಊರಿನ ಗಿರಾಕಿ ಇಬ್ಬರಿಗೆ ಹಂಚಿಹೋಗುತ್ತಾನೆ.

ಅವಧಿಯ ಕಲಮನ್ನು ಬಾಡಿಗೆ ಕರಾರಿನ ಪಕ್ಕದಲ್ಲಿಟ್ಟು ಓದಬೇಕು. ಫ್ರಾಂಚೈಸಿ ಐದು ವರ್ಷಕ್ಕೆ, ಬಾಡಿಗೆ ಕರಾರು 11 ತಿಂಗಳಿಗೆ. ಇದು ನಮ್ಮ ಊರುಗಳಲ್ಲಿ ತೀರಾ ಸಾಮಾನ್ಯ. ನೋಂದಣಿಯ ಖರ್ಚು ಉಳಿಸಲು ಮಾಡುವ ಈ 11 ತಿಂಗಳ ಕರಾರು, ತೆರಿಗೆ ಸೇರಿ 7 ಲಕ್ಷದ ಒಳಾಂಗಣವನ್ನು ಕಟ್ಟಡದ ಮಾಲೀಕರ ಮರ್ಜಿಗೆ ಬಿಡುತ್ತದೆ. ಐದು ವರ್ಷದ ಲೀಸನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ, ಅದರಲ್ಲಿ ಮಾಲೀಕರು ಮಧ್ಯದಲ್ಲಿ ಬಿಡಿಸುವಂತಿಲ್ಲ, ನೀವು ಮಾತ್ರ ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು ಎಂದು ಬರೆಸಿಕೊಳ್ಳುವುದು ಒಳ್ಳೆಯದು. ಒಪ್ಪಂದದ ಮಧ್ಯದಲ್ಲಿ ಕಂಪನಿ ಹೇಳಿದಂತೆ ಒಳಾಂಗಣ ನವೀಕರಿಸಬೇಕು ಎಂಬ ಸಾಲಿದ್ದರೆ ಅದಕ್ಕೊಂದು ಗರಿಷ್ಠ ಮೊತ್ತ ಬರೆಸಬೇಕು.

ಹೊರಬರುವ ಕಲಮನ್ನು ನಮ್ಮವರು ಓದುವುದೇ ಕಡಿಮೆ, ಮುಚ್ಚುವ ಮಾತು ಅಪಶಕುನ ಎಂಬಂತೆ ಪುಟ ಮಗುಚುತ್ತಾರೆ. ಅವಧಿಗೆ ಮುಂಚೆ ಬಿಟ್ಟರೆ ಠೇವಣಿ ಮುಟ್ಟುಗೋಲು, ಉಳಿದ ತಿಂಗಳುಗಳ ರಾಯಲ್ಟಿಯನ್ನೂ ಕೊಡಬೇಕು ಎಂದಿದೆಯೇ ಎಂದು ನೋಡಿ. ಮುಗಿದ ಮೇಲೆ ಎರಡು ವರ್ಷ ಟೀ ವ್ಯಾಪಾರವನ್ನೇ ಮಾಡಬಾರದು ಎಂಬ ಸಾಲು ಇದ್ದರೆ ಅಷ್ಟು ಹೆದರಬೇಕಾಗಿಲ್ಲ. ವ್ಯಾಪಾರಕ್ಕೆ ಅಡ್ಡಿಪಡಿಸುವ ಕರಾರು ಅಷ್ಟರ ಮಟ್ಟಿಗೆ ಅನೂರ್ಜಿತ ಎಂದು ಕರಾರು ಕಾಯ್ದೆಯ 27ನೇ ಕಲಮು ಹೇಳುತ್ತದೆ. ಒಪ್ಪಂದ ಜಾರಿಯಲ್ಲಿರುವಾಗಿನ ನಿರ್ಬಂಧದ ಮಾತು ಬೇರೆ. ಕೋಕಾ ಕೋಲಾ ಮತ್ತು ಗುಜರಾತ್ ಬಾಟ್ಲಿಂಗ್ ಕಂಪನಿಯ ಮೊಕದ್ದಮೆಯಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಕಾನೂನು ನಿಮ್ಮ ಕಡೆ ಇದ್ದರೂ ಅದನ್ನು ಎಲ್ಲಿ ಹೋಗಿ ಕೇಳಬೇಕು ಎಂಬುದು ಇನ್ನೊಂದು ಕಲಮಿನಲ್ಲಿದೆ. ಮಧ್ಯಸ್ಥಿಕೆ ದೆಹಲಿಯಲ್ಲಿ ಎಂದು ಬರೆದಿದ್ದರೆ 1 ಲಕ್ಷದ ಠೇವಣಿಗಾಗಿ ಮಾಲೂರಿನಿಂದ ದೆಹಲಿಗೆ ಓಡಾಡಿ ವಕೀಲರನ್ನಿಡುವ ಖರ್ಚು ಆ ಠೇವಣಿಯನ್ನೇ ನುಂಗುತ್ತದೆ. ಅಂಥ ಒಪ್ಪಂದದಲ್ಲಿ ಠೇವಣಿಯನ್ನು ವಾಪಸ್ ಬರುವ ಹಣವೆಂದು ಲೆಕ್ಕಕ್ಕೆ ಹಿಡಿಯಬೇಡಿ, ಖರ್ಚಿಗೆ ಸೇರಿಸಿ. ಬೆಂಗಳೂರು ಎಂದು ಬದಲಿಸಿಕೊಟ್ಟರೆ ಮಾತ್ರ ಅದು ಠೇವಣಿ.

‘ಇದು ಎಲ್ಲರಿಗೂ ಒಂದೇ ಅಗ್ರಿಮೆಂಟ್, ಬದಲಿಸೋಕಾಗಲ್ಲ ಸಾರ್’ ಎಂಬ ಉತ್ತರ ಬರುವುದು ಸಹಜ. ಮೂಲ ಕಾಗದ ಹಾಗೇ ಇರಲಿ. ವ್ಯಾಪ್ತಿ, ಕನಿಷ್ಠ ರಾಯಲ್ಟಿ, ಮಧ್ಯಸ್ಥಿಕೆ ಬೆಂಗಳೂರಿನಲ್ಲಿ, ಠೇವಣಿ ಇಷ್ಟು ದಿನದಲ್ಲಿ ವಾಪಸ್ ಎಂಬ ನಾಲ್ಕು ವಿಷಯಗಳನ್ನು ಬೇರೆ ಒಂದು ಪುಟದ ಪೂರಕ ಒಪ್ಪಂದದಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕಬಹುದು. ಇದನ್ನು ಬಾಯಿಮಾತಿಗೆ ಬಿಡುವಂತಿಲ್ಲ. ಏಕೆಂದರೆ ‘ಈ ಕಾಗದದಲ್ಲಿರುವುದೇ ಪೂರ್ಣ ಒಪ್ಪಂದ, ಹಿಂದಿನ ಮಾತು, ಬ್ರೋಷರ್ ಯಾವುದೂ ಲೆಕ್ಕಕ್ಕಿಲ್ಲ’ ಎಂಬ ಸಾಲು ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿ ಇದ್ದೇ ಇರುತ್ತದೆ. 90,000 ಲಾಭ ಎಂದು ಅಚ್ಚು ಹಾಕಿದ ಬ್ರೋಷರನ್ನು ಅದೇ ಸಾಲು ಪಕ್ಕಕ್ಕೆ ಸರಿಸುತ್ತದೆ.

ಇಷ್ಟೆಲ್ಲ ಆದ ಮೇಲೆ ಒಂದು ಲೆಕ್ಕ ಬಾಕಿ ಇರುತ್ತದೆ, ನನ್ನ ಮಟ್ಟಿಗೆ ಅದೇ ಮುಖ್ಯವಾದದ್ದು. ಅದೇ ಜಾಗದಲ್ಲಿ, ಅದೇ ಬಾಡಿಗೆ, ಅದೇ ನಾಲ್ವರು ಕೆಲಸಗಾರರೊಡನೆ ಸ್ವಂತ ಹೆಸರಿನ ಟೀ ಅಂಗಡಿ ಇಟ್ಟರೆ ರಾಯಲ್ಟಿ ಇಲ್ಲ, ಜಾಹೀರಾತು ನಿಧಿ ಇಲ್ಲ. ನೂರರಲ್ಲಿ 55 ಉಳಿಯುತ್ತದೆ. ಸಮಸಮ ಆಗುವ ಗೆರೆ ದಿನಕ್ಕೆ 119 ಬಿಲ್ಲು. ಬ್ರ್ಯಾಂಡಿನ ಅಂಗಡಿಗೆ ಅದು 140. ತೆರಿಗೆ ಸೇರಿ 3,54,000 ಆದ ಶುಲ್ಕವನ್ನು ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ ಇನ್ನೂ ಏಳು ಬಿಲ್ಲು ಬೇಕು. ಅಂದರೆ ಆ ಹೆಸರಿನ ಬೋರ್ಡು ದಿನಾ 28 ಗಿರಾಕಿಗಳನ್ನು ಹೆಚ್ಚಾಗಿ ಕರೆತರಬೇಕು, ಇಲ್ಲವೇ ಅಷ್ಟರ ಮಟ್ಟಿಗೆ ಮಾಲನ್ನು ಅಗ್ಗವಾಗಿ ಕೊಡಬೇಕು, ಅಥವಾ ಬೀದಿಯ ಟೀಗಿಂತ ಹೆಚ್ಚಿನ ಬೆಲೆಯನ್ನು ಮಾಲೂರಿನ ಜನ ಸಂತೋಷದಿಂದ ಕೊಡುವಂತೆ ಮಾಡಬೇಕು. ಹೆಸರಾಂತ ಬ್ರ್ಯಾಂಡಿಗೆ ಇದು ಸಾಧ್ಯ. ಔಷಧಿ, ಐಸ್‌ಕ್ರೀಮಿನಂಥ ವ್ಯಾಪಾರಗಳಲ್ಲಿ ಜನ ಹೆಸರು ನೋಡಿಯೇ ಒಳಗೆ ಬರುತ್ತಾರೆ. ಟೀಗೆ ಹಾಗೆ ಬರುತ್ತಾರೆಯೇ ಎಂಬುದನ್ನು ಸಂಜೆ ರೈಲು ಇಳಿದು ಮನೆಗೆ ಹೋಗುವ ಜನ ಈಗ ಎಲ್ಲಿ ನಿಂತು, ಎಷ್ಟು ಕೊಟ್ಟು ಕುಡಿಯುತ್ತಾರೆ ಎಂದು ಕೆಲವು ಸಂಜೆ ನಿಂತು ನೋಡಿ ಬರೆದುಕೊಳ್ಳಬೇಕು. ಆಮೇಲೆ ಕಂಪನಿಗೆ ಕಳಿಸುವ ಇಮೇಲ್‌ನಲ್ಲಿ ಕೊನೆಯ ಪ್ರಶ್ನೆಯಾಗಿ ಇದನ್ನೂ ಸೇರಿಸಿ: ಈ 28 ಜನ ಯಾರು, ಎಲ್ಲಿಂದ ಬರುತ್ತಾರೆ?